ಅಪ್‌ಡೇಟ್: ರಾತ್ರಿ ಪಾಳಿ ಮತ್ತು ತಡವಾಗುವ ಮುಟ್ಟು

ನನ್ನ ಹಿಂದಿನ ಪ್ರಶ್ನೆ: "ರಾತ್ರಿ ಪಾಳಿಗೆ ಬದಲಾದ ಮೇಲೆ ಮುಟ್ಟು ತಡವಾಗುತ್ತಿದೆ. ನಿದ್ರೆ ಕೆಡುವುದೇ ಕಾರಣವಿರಬಹುದೇ?"

ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಸ್ತ್ರೀರೋಗ ತಜ್ಞೆಯವರನ್ನು ಕಂಡೆ. ಅವರು ಮೊದಲು ಗರ್ಭಧಾರಣೆಯ ಪರೀಕ್ಷೆ ಮಾಡಿಸಿ, ಬಳಿಕ ಥೈರಾಯ್ಡ್ ಹಾಗೂ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆಗಳನ್ನು ಬರೆದುಕೊಟ್ಟರು. ನಿದ್ರೆಯಲ್ಲಿ ಪ್ರೊಲ್ಯಾಕ್ಟಿನ್ ಸಹಜವಾಗಿಯೇ ಏರುವುದರಿಂದ, ಹಗಲು ಮಲಗುವ ನಾನು ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ ರಕ್ತ ಕೊಡಬೇಕೆಂದು ಸೂಚಿಸಿದ್ದು ನನಗೆ ಹೊಸ ವಿಷಯ. ನಾನು ಹೋದ ಪ್ರಯೋಗಾಲಯದಲ್ಲಿ ಇದನ್ನು ಯಾರೂ ಕೇಳಲಿಲ್ಲ. ಫಲಿತಾಂಶಗಳೆಲ್ಲ ಸರಿಯಾಗಿದ್ದವು.

ಅವರ ವಿವರಣೆಯಂತೆ, ಅಂಡೋತ್ಪತ್ತಿಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲೇ ಇರುತ್ತದೆ. ಪಾಳಿ, ಪ್ರಯಾಣ, ನಿದ್ರಾಭಂಗಗಳಿಂದ ಮೆದುಳಿನ ಹಾರ್ಮೋನು ಸಂಕೇತ ಏರುಪೇರಾದಾಗ ಅಂಡೋತ್ಪತ್ತಿಯೇ ತಡವಾಗಿ, ಮುಟ್ಟೂ ಅಷ್ಟೇ ದಿನ ತಡವಾಗಬಹುದು. ಇದನ್ನು ಗುರುತಿಸಲು ದೇಹದ ಉಷ್ಣತೆ ಬರೆದಿಡುವ ಕ್ರಮ ನನ್ನಂಥವರಿಗೆ ಒಗ್ಗದು, ಏಕೆಂದರೆ ಅದಕ್ಕೆ ಕೆಲವು ಗಂಟೆಗಳ ಎಡೆಬಿಡದ ನಿದ್ರೆ ಬೇಕು. ಹೀಗಾಗಿ ಅಂಡೋತ್ಪತ್ತಿಗೆ ತುಸು ಮೊದಲು ಏರುವ ಎಲ್‌ಎಚ್ ಹಾರ್ಮೋನನ್ನು ಮೂತ್ರದಲ್ಲಿ ಗುರುತಿಸಿ ಗೆರೆಯಾಗಿ ತೋರಿಸುವ ಪರೀಕ್ಷಾ ಪಟ್ಟಿ ಬಳಸುತ್ತಿದ್ದೇನೆ. ತಡವಾದ ತಿಂಗಳಲ್ಲಿ ಗೆರೆ ಗಾಢವಾದದ್ದೂ ತಡವಾಗಿಯೇ. ಮೂರು ತಿಂಗಳು ಮುಟ್ಟೇ ಆಗದಿದ್ದರೆ ಪಾಳಿಯ ಮೇಲೆ ಹೊರಿಸದೆ ಮತ್ತೆ ಬರಬೇಕೆಂದು ತಿಳಿಸಿದ್ದಾರೆ.