ಡಬ್ಬಿಯೊಳಗೆ ಕೈ ಹಾಕಿದ್ರೆ ಬರೀ ಹೆಸರು ಹೇಳ್ತಾರೆ, ಹೇಗಿದೆ ಅಂತ ಹೇಳಲ್ಲ

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ): ಶೂ ಡಬ್ಬಿಗೆ ತೂತು ಮಾಡಿ ವಸ್ತು ಮುಟ್ಟಿ ಹೇಳೋ ಆಟ ಆಡಿಸ್ತಿದೀನಿ. ನಾಲ್ಕು ವರ್ಷದವರು ಕೈ ಹಾಕಿದ ತಕ್ಷಣ "ಚಮಚ!" ಅಂತಾರೆ, ಮುಗೀತು. "ಹೇಗಿದೆ?" ಅಂದ್ರೆ "ಚೆನ್ನಾಗಿದೆ" ಅಂತಾರೆ. ಏನು ಮಾಡಲಿ?

ಒಬ್ಬ ತಂದೆ: ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ಸಲಕ್ಕೆ ಹತ್ತು ಹನ್ನೆರಡು ವಸ್ತು ಹಾಕಿ. ಆಟ ಕಷ್ಟವಾದ್ರೆ ತಾನೇ ಮಾತಾಡ್ತಾರೆ.

ಶಿಶುವಿಹಾರದ ಶಿಕ್ಷಕಿ, ಈಗ ತರಬೇತಿ ಕೊಡ್ತೀನಿ: ಕಷ್ಟ ಮಾಡಬೇಕು ಅನ್ನೋದು ಸರಿ ಸರ್, ಆದ್ರೆ ವಸ್ತು ಹೆಚ್ಚಿಸಿ ಅಲ್ಲ. ಹತ್ತು ಇದ್ರೆ ಮಗು ಕೆದಕುತ್ತೆ, ಯಾವುದನ್ನೂ ಗಮನಿಸಲ್ಲ. ಬಟ್ಟೆ ಕಟ್ಟಿದ್ರೆ ಕೆಲವರು ಹೆದರ್ತಾರೆ. ಡಬ್ಬಿಯಲ್ಲಿ ಒಂದೇ ವಸ್ತು ಸಾಕು.

ಟೀಚರ್, "ಹೇಗಿದೆ?" ಅನ್ನೋ ಪ್ರಶ್ನೆ ಬಿಡಿ, ಕೈಗೆ ಕೆಲಸ ಕೊಡಿ. ಉಜ್ಜಿದ್ರೆ ನುಣುಪೋ ತರಿತರಿಯೋ ಗೊತ್ತಾಗುತ್ತೆ, ಒತ್ತಿದ್ರೆ ಮೆತ್ತಗೋ ಗಟ್ಟಿಯೋ, ಅಂಚಿನ ಸುತ್ತ ಬೆರಳು ಓಡಿಸಿದ್ರೆ ಆಕಾರ. ಸಣ್ಣ ಮಕ್ಕಳು ಅಂಗೈಯಲ್ಲಿ ಹಿಡ್ಕೊಂಡು ಸುಮ್ಮನಿದ್ದುಬಿಡ್ತಾರೆ. ಅದಕ್ಕೇ ಮಾತು ಹುಟ್ಟಲ್ಲ.

ನಾನು ಹೀರೇಕಾಯಿ, ಸೌತೆಕಾಯಿ ಬಳಸ್ತೀನಿ. ಎರಡೂ ಉದ್ದ, ಎರಡೂ ಹಸಿರು. ಒಂದು ಜೊತೆ ಹೊರಗೆ ಎಲ್ಲರಿಗೂ ಕಾಣೋ ಹಾಗೆ ಇಡಿ, ಇನ್ನೊಂದು ಜೊತೆಯಲ್ಲಿ ಯಾವುದಾದರೂ ಒಂದನ್ನು ಡಬ್ಬಿಗೆ ಹಾಕಿ. ಮುಟ್ಟೋ ಮಗು ಹೆಸರು ಹೇಳಬಾರದು, ಉಳಿದವರು ಪ್ರಶ್ನೆ ಕೇಳಿ ಕಂಡುಹಿಡೀಬೇಕು. "ಉದ್ದ ಇದೆ" ಅಂದ್ರೆ ಗೆಳೆಯರಿಗೆ ಏನೂ ತಿಳಿಯಲ್ಲ, ಹಾಗಾಗಿ ಮಗುವೇ ಇನ್ನೊಂದು ಮಾತು ಹುಡುಕುತ್ತೆ. ಒಬ್ಬ "ಮೇಲೆ ಗೆರೆ ಗೆರೆ ಎದ್ದಿದೆ, ಬೆರಳಿಗೆ ತಾಗುತ್ತೆ" ಅಂದ. ಆಗ ನೀವು "ಹೌದು, ಏಣು ಏಣಾಗಿದೆ" ಅನ್ನಿ, ಆದ್ರೆ ಆ ಪದ ಹೇಳಿಸೋಕೆ ಹೋಗಬೇಡಿ.

ಸ್ಟೀಲ್ ಲೋಟ, ಪ್ಲಾಸ್ಟಿಕ್ ಲೋಟ ಇಟ್ರೆ "ತಣ್ಣಗೆ" ಬರುತ್ತೆ. ಆದ್ರೆ ನಾಲ್ಕೈದು ಮಕ್ಕಳ ಕೈ ದಾಟೋಷ್ಟರಲ್ಲಿ ಸ್ಟೀಲೂ ಬೆಚ್ಚಗಾಗಿರುತ್ತೆ, ಮಧ್ಯೆ ಬದಲಾಯಿಸಿ.

ಒಬ್ಬ ತಾಯಿ: ನನ್ನ ಮಗಳಿಗೆ ಎರಡು ವರ್ಷ. ರಾಗಿ, ಹುಣಸೆಬೀಜ ಹಾಕಿ ಕೊಡಬಹುದಾ? ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾಳೆ.

ಶಿಕ್ಷಕಿ: ಬೇಡಮ್ಮ. ಬಾಯಿಗೆ ಹಾಕೋ ವಯಸ್ಸಲ್ಲಿ ಬೀಜ, ಗೋಲಿ, ಗುಂಡಿ ಏನೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವಳ ಮುಷ್ಟಿಗಿಂತ ದೊಡ್ಡ ವಸ್ತು ಕೊಡಿ, ಜೊತೆಗೇ ಕೂತಿರಿ. ಡಬ್ಬಿಯೂ ಬೇಡ, ತೆರೆದ ಬುಟ್ಟಿ ಸಾಕು.

ಅಂಗನವಾಡಿ ಕಾರ್ಯಕರ್ತೆ: ಮೇಡಂ, ಒಬ್ಬ ಹುಡುಗ ಕೈಯನ್ನೇ ಹಾಕಲ್ಲ, ಅಳ್ತಾನೆ.

ಶಿಕ್ಷಕಿ: ಮುಚ್ಚಳ ತೆಗೆದು ತೋರಿಸಿ, ಅವನೇ ವಸ್ತು ಬಚ್ಚಿಡಲಿ, ಬೇರೆಯವರು ಮುಟ್ಟಲಿ. ಕತ್ತಲ ತೂತಿಗೆ ಹೆದರೋನಾದ್ರೆ ಇಷ್ಟಕ್ಕೇ ಸರಿಹೋಗಬಹುದು. ಮಣ್ಣು, ಅನ್ನ, ಅಂಟು ಮುಟ್ಟೋಕೂ ಹೀಗೇ ಅಳ್ತಾನಾ? ಅದನ್ನು ಗಮನಿಸಿ ಹೇಳಿ. ಹಾಗಿದ್ರೆ ವಿಷಯ ಬೇರೆ, ಕತ್ತಲಿನ ಹೆದರಿಕೆಯಲ್ಲ, ಮುಟ್ಟೋದೇ ಅವನಿಗೆ ಆಗದೇ ಇರಬಹುದು.

ಅಂಗನವಾಡಿ ಕಾರ್ಯಕರ್ತೆ: ಅನ್ನ ಚಮಚದಲ್ಲೇ ತಿಂತಾನೆ. ಮಣ್ಣಿನ ವಿಷಯ ಅವರಮ್ಮನ್ನ ಕೇಳಬೇಕು.