ತಾನಾಗಿಯೇ ಕಡಿತವಾಗುವ ಹಣ: ಯಾವುದು ಎಲ್ಲಿ ಕಾಣುತ್ತದೆ, ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ

ಕೆಲಸ ಬದಲಾಗಿರುವುದರಿಂದ ಹಳೆಯ ಸಂಬಳದ ಖಾತೆಯನ್ನು ಮುಚ್ಚಬೇಕೆಂದಿದ್ದೇನೆ. ಅದರಿಂದ ಪ್ರತಿ ತಿಂಗಳು ಅದೇ ಬ್ಯಾಂಕಿನ ಆರ್‌ಡಿಗೆ 3,000, ವಾಹನ ಸಾಲದ ಕಂತಿಗೆ 8,450, ಮ್ಯೂಚುವಲ್ ಫಂಡ್ ಎಸ್‌ಐಪಿಗೆ 5,000 ಮತ್ತು ಸಂಗೀತದ ಆ್ಯಪ್ ಒಂದಕ್ಕೆ 119 ರೂಪಾಯಿ ಹೋಗುತ್ತಿದೆ. ಕ್ರೆಡಿಟ್ ಕಾರ್ಡ್‌ನಿಂದ ಸಿನಿಮಾ ಆ್ಯಪ್‌ಗೆ 499 ಹೋಗುತ್ತಿದ್ದು, ಆ ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದ ಮೇಲೂ ಕಡಿತ ನಿಂತಿಲ್ಲ. ಬ್ಯಾಂಕಿನಲ್ಲಿ ಒಬ್ಬರು ಎಸ್‌ಐ ಎನ್ನುತ್ತಾರೆ, ಇನ್ನೊಬ್ಬರು ಮ್ಯಾಂಡೇಟ್ ಎನ್ನುತ್ತಾರೆ, ಮತ್ತೊಬ್ಬರು ಆಟೋಪೇ ಎನ್ನುತ್ತಾರೆ. ಇವೆಲ್ಲ ಒಂದೇ ಆಗಿದ್ದರೆ ಒಂದೇ ಕಡೆ ನಿಲ್ಲಿಸಬಹುದಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಯೊಬ್ಬರು

ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ನೆಟ್‌ಬ್ಯಾಂಕಿಂಗ್‌ಗೆ ಹೋದರೆ ಮ್ಯಾಂಡೇಟ್‌ಗಳ ಪಟ್ಟಿಯೊಂದು ಇರುತ್ತದೆ. ನನ್ನ ಖಾತೆಯ ಸಾಲದ ಕಂತು ಮತ್ತು ಎಸ್‌ಐಪಿ ಎರಡೂ ಅಲ್ಲಿಯೇ ಕಾಣುತ್ತವೆ, ಅಲ್ಲಿಯೇ ರದ್ದು ಮಾಡುವ ಗುಂಡಿಯೂ ಇದೆ. ಎಲ್ಲವನ್ನೂ ರದ್ದು ಮಾಡಿ, ಕಾರ್ಡ್ ಅನ್ನು ಬ್ಲಾಕ್ ಮಾಡಿಸಿ, ಅನಂತರ ಖಾತೆ ಮುಚ್ಚಿದರೆ ಕೆಲಸ ಮುಗಿಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು

ಮೇಲಿನವರು ಹೇಳಿದ ಪಟ್ಟಿ ಇರುವುದು ನಿಜ, ಆದರೆ ನೀವು ಬರೆದ ಐದು ಕಡಿತಗಳಲ್ಲಿ ಎರಡು ಮಾತ್ರ ಅಲ್ಲಿ ಸಿಗುತ್ತವೆ. ಹಣವನ್ನು ಯಾರು ಹೊರಡಿಸುತ್ತಾರೆ ಎಂದು ನೋಡಿದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನಿಮ್ಮ ಆರ್‌ಡಿಗೆ ಹೋಗುವ 3,000 ರೂಪಾಯಿಯನ್ನು ನಿಮ್ಮ ಬ್ಯಾಂಕೇ, ನಿಮ್ಮ ಮಾತಿನ ಮೇಲೆ, ನಿಗದಿತ ದಿನ ಕಳುಹಿಸುತ್ತದೆ. ಹೊರಗಿನ ಯಾರೂ ಅದನ್ನು ಕೇಳಿ ಪಡೆಯುವುದಿಲ್ಲ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಥವಾ ಎಸ್‌ಐ ಎಂದರೆ ಇದೇ. ನೆಟ್‌ಬ್ಯಾಂಕಿಂಗ್‌ನಲ್ಲಿ Standing Instructions ಎಂಬ ಹೆಸರಿನಲ್ಲಿ, ಕೆಲವು ಬ್ಯಾಂಕ್‌ಗಳಲ್ಲಿ Scheduled Payments ಎಂಬ ಹೆಸರಿನಲ್ಲಿ ಅದು ಇರುತ್ತದೆ. ಶಾಖೆಯಲ್ಲಿ ಬರೆದುಕೊಟ್ಟದ್ದಾಗಿದ್ದರೆ ಶಾಖೆಯಲ್ಲಿಯೇ ಬರೆದುಕೊಟ್ಟು ನಿಲ್ಲಿಸಬೇಕಾಗಬಹುದು.

ಸಾಲದ ಕಂತು ಮತ್ತು ಎಸ್‌ಐಪಿಯ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹಣ ಪಡೆಯುವ ಸಂಸ್ಥೆಯೇ ತನ್ನ ಬ್ಯಾಂಕಿನ ಮೂಲಕ ನಿಮ್ಮ ಬ್ಯಾಂಕಿಗೆ ಬೇಡಿಕೆ ಕಳುಹಿಸುತ್ತದೆ, ನೀವು ಹಿಂದೆಯೇ ಕೊಟ್ಟಿರುವ ಒಪ್ಪಿಗೆಯನ್ನು ನೋಡಿ ನಿಮ್ಮ ಬ್ಯಾಂಕ್ ಹಣ ಬಿಡುತ್ತದೆ. ಆ ಒಪ್ಪಿಗೆಯೇ ಮ್ಯಾಂಡೇಟ್. ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಥವಾ ಆಧಾರ್ ಮೂಲಕ ಆನ್‌ಲೈನ್‌ನಲ್ಲಿ ಕೊಟ್ಟಿದ್ದರೆ ಇ-ಮ್ಯಾಂಡೇಟ್. ಈ ವ್ಯವಹಾರ ಸಾಗುವುದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ನ್ಯಾಚ್ ವ್ಯವಸ್ಥೆಯಲ್ಲಿ. ಸ್ಟೇಟ್‌ಮೆಂಟಿನ ಸಾಲಿನಲ್ಲಿ `ACH` ಅಥವಾ `NACH` ಎಂದಿದ್ದರೆ ಅದು ಈ ಜಾತಿಯದು ಎಂದು ತಿಳಿಯಿರಿ. ಪ್ರತಿ ಮ್ಯಾಂಡೇಟ್‌ಗೂ UMRN ಎಂಬ 20 ಅಕ್ಷರಗಳ ಸಂಖ್ಯೆ ಇರುತ್ತದೆ; ಶಾಖೆಗೆ ಹೋಗುವುದಾದರೆ ಅದನ್ನು ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಕೌಂಟರಿನವರು ಒಂದಕ್ಕೆ ಬದಲು ಇನ್ನೊಂದನ್ನು ರದ್ದು ಮಾಡುವ ಸಾಧ್ಯತೆ ಉಂಟು.

ಸಂಗೀತದ ಆ್ಯಪ್‌ನ 119 ರೂಪಾಯಿಯ ಮುಂದೆ `UPI` ಎಂದಿದ್ದರೆ ಅದು ಯುಪಿಐ ಆಟೋಪೇ. ಅದನ್ನು ನೆಟ್‌ಬ್ಯಾಂಕಿಂಗ್‌ನಲ್ಲಿ ಹುಡುಕಬೇಡಿ; ನೀವು ಯಾವ ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತಿ ಒಪ್ಪಿಗೆ ಕೊಟ್ಟಿದ್ದಿರೋ ಅದೇ ಆ್ಯಪ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ Autopay ಅಥವಾ Mandates ಎಂಬಲ್ಲಿಗೆ ಹೋಗಿ, ಯುಪಿಐ ಪಿನ್ ಕೊಟ್ಟು ರದ್ದು ಮಾಡಿ.

ಸಿನಿಮಾ ಆ್ಯಪ್‌ನ 499 ರೂಪಾಯಿಯ ಮ್ಯಾಂಡೇಟ್ ಉಳಿತಾಯ ಖಾತೆಯ ಮೇಲಿಲ್ಲ, ಕಾರ್ಡ್‌ನ ಮೇಲಿದೆ. ಆ್ಯಪ್ ಅನ್ನು ಫೋನಿನಿಂದ ತೆಗೆದರೆ ಚಂದಾದಾರಿಕೆ ಹೋಗುವುದಿಲ್ಲ. ಮೊದಲು ಅವರ ಜಾಲತಾಣದಲ್ಲಿ ನಿಮ್ಮ ಖಾತೆಯನ್ನು ತೆರೆದು ಚಂದಾದಾರಿಕೆಯನ್ನು ರದ್ದು ಮಾಡಿ, ಅನಂತರ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಮ್ಯಾಂಡೇಟ್ ಹಿಂಪಡೆಯಿರಿ. ಎಷ್ಟೋ ಬ್ಯಾಂಕ್‌ಗಳು ಇದಕ್ಕಾಗಿ ಗ್ರಾಹಕರನ್ನು sihub.in ಎಂಬ ತಾಣಕ್ಕೆ ಕಳುಹಿಸುತ್ತವೆ, ಕೆಲವು ತಮ್ಮದೇ ಆ್ಯಪ್‌ನ ಕಾರ್ಡ್ ವಿಭಾಗದಲ್ಲಿ ತೋರಿಸುತ್ತವೆ. ಯಾವ ತಾಣವಾದರೂ ಹುಡುಕಾಟದ ಫಲಿತಾಂಶದಿಂದ ಹೋಗಬೇಡಿ, ನಿಮ್ಮ ಬ್ಯಾಂಕಿನ ಸ್ವಂತ ಪುಟದಲ್ಲಿರುವ ಕೊಂಡಿಯ ಮೂಲಕವೇ ಹೋಗಿ, ಏಕೆಂದರೆ ಅಲ್ಲಿ ಕಾರ್ಡ್ ಸಂಖ್ಯೆ ಮತ್ತು ಒಟಿಪಿ ಎರಡನ್ನೂ ಕೇಳುತ್ತಾರೆ.

ಕಾರ್ಡ್ ಮತ್ತು ಯುಪಿಐ ಮ್ಯಾಂಡೇಟ್‌ಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವೊಂದು ಅನುಕೂಲವಾಗಿದೆ. ಹಣ ಕಡಿತವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಅದರಲ್ಲಿ ಪಡೆಯುವವರ ಹೆಸರು, ಮೊತ್ತ ಮತ್ತು ದಿನಾಂಕ ಇರಬೇಕು, ಆ ಒಂದು ಕಡಿತವನ್ನಾಗಲಿ ಇಡೀ ಮ್ಯಾಂಡೇಟ್ ಅನ್ನಾಗಲಿ ಬೇಡವೆನ್ನುವ ದಾರಿಯೂ ಇರಬೇಕು. ಸಾಮಾನ್ಯವಾಗಿ 15,000 ರೂಪಾಯಿಗಿಂತ ಹೆಚ್ಚಾದರೆ ಪ್ರತಿ ಬಾರಿಯೂ ಒಟಿಪಿ ಅಥವಾ ಪಿನ್ ಬೇಕು. ವಿಮೆಯ ಕಂತು, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಈ ಮಿತಿಯನ್ನು 2023ರ ಡಿಸೆಂಬರಿನಲ್ಲಿ ಒಂದು ಲಕ್ಷಕ್ಕೆ ಏರಿಸಿದ್ದಾರೆ. ಬಹಳಷ್ಟು ಜನ ಆ ಸಂದೇಶವನ್ನು ಜಾಹೀರಾತು ಎಂದುಕೊಂಡು ಅಳಿಸಿಬಿಡುತ್ತಾರೆ. ನಿಮ್ಮ ಫೋನಿನಲ್ಲಿಯೂ 499 ರೂಪಾಯಿಯ ಹಳೆಯ ಸಂದೇಶ ಇದ್ದರೆ, ಯಾವ ಬ್ಯಾಂಕಿನ ಯಾವ ತಾಣಕ್ಕೆ ಹೋಗಬೇಕೆಂಬುದು ಅದರಲ್ಲಿಯೇ ಸಿಕ್ಕೀತು.

ಶಿಕ್ಷಕರೊಬ್ಬರು

ನೀವು ಕೇಳುತ್ತಿರುವುದು ಕ್ರೆಡಿಟ್ ಕಾರ್ಡ್ ಆಟೋಪೇ ಬಗ್ಗೆ ಎಂದುಕೊಂಡು ಬರೆಯುತ್ತಿದ್ದೇನೆ. ನಮ್ಮ ಭಾವನವರ ಕಾರ್ಡ್‌ಗೆ ಬಿಲ್ಲಿನ ದಿನ ಉಳಿತಾಯ ಖಾತೆಯಿಂದ ಹಣ ತಾನಾಗಿಯೇ ಹೋಗುವಂತೆ ಮಾಡಲಾಗಿತ್ತು. ಬಿಲ್ಲು 24,000 ಬಂದಾಗ ಕಡಿತವಾದದ್ದು 1,200 ಮಾತ್ರ, ಏಕೆಂದರೆ ಅರ್ಜಿಯಲ್ಲಿ ‘ಕನಿಷ್ಠ ಮೊತ್ತ’ ಎಂಬ ಆಯ್ಕೆಗೆ ಗುರುತು ಹಾಕಿದ್ದರು. ಉಳಿದ 22,800ಕ್ಕೆ ಬಡ್ಡಿ ಬಿತ್ತು, ಮುಂದಿನ ತಿಂಗಳ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗಲಿಲ್ಲ. ಆದ್ದರಿಂದ ಆಟೋಪೇ ಎಂದರೆ ಮೊದಲು ‘ಪೂರ್ತಿ ಮೊತ್ತ’ ಎಂದಿದೆಯೇ ನೋಡಿಕೊಳ್ಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಷ್ಟ್ರೇ, ನೀವು ಹೇಳಿದ್ದು ಬೇರೆ ಆಟೋಪೇ. ಕಾರ್ಡ್‌ನ ಮೇಲೆ ಬೀಳುವ ಖರ್ಚು ಒಂದು, ಕಾರ್ಡ್‌ನ ಬಿಲ್ಲು ತೀರಿಸುವುದು ಇನ್ನೊಂದು. ಎರಡಕ್ಕೂ ಅದೇ ಹೆಸರಿಟ್ಟಿರುವುದರಿಂದಲೇ ಈ ಗೊಂದಲ. ಆದರೆ ಪ್ರಶ್ನೆ ಕೇಳಿದವರಿಗೂ ಇದು ಬೇಕಾದ ಮಾತು. ನಿಮ್ಮ ಕಾರ್ಡ್ ಬಿಲ್ಲು ಮುಚ್ಚಲಿರುವ ಖಾತೆಯಿಂದಲೇ ತೀರುತ್ತಿದ್ದರೆ ಅದು ನೀವು ಬರೆಯದೆ ಬಿಟ್ಟ ಆರನೆಯ ಕಡಿತ. ಕಾರ್ಡ್ ಮತ್ತು ಖಾತೆ ಒಂದೇ ಬ್ಯಾಂಕಿನವಾದರೆ ಕಾರ್ಡ್ ವಿಭಾಗದ Autopay ಎಂಬಲ್ಲಿ ಕಾಣುತ್ತದೆ. ಬೇರೆ ಬ್ಯಾಂಕಿನ ಖಾತೆಯಾದರೆ ಅದು ಸಾಮಾನ್ಯವಾಗಿ ನ್ಯಾಚ್ ಮ್ಯಾಂಡೇಟ್ ಆಗಿರುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಪಟ್ಟಿಯನ್ನು ತೆರೆದು ನೋಡಿದೆ. ಎಸ್‌ಐಪಿ 5,000 ಮಾತ್ರ, ಆದರೆ ಮ್ಯಾಂಡೇಟ್‌ನಲ್ಲಿ 25,000 ಎಂದಿದೆ. ಅಷ್ಟು ಹಣ ತೆಗೆದುಕೊಂಡುಬಿಡುತ್ತಾರೆಯೇ?

ಮ್ಯೂಚುವಲ್ ಫಂಡ್ ವಿತರಕರೊಬ್ಬರು

ತೆಗೆದುಕೊಳ್ಳುವುದಿಲ್ಲ. 25,000 ಎಂಬುದು ಮೇಲ್ಮಿತಿ, ಮುಂದೆ ಎಸ್‌ಐಪಿ ಹೆಚ್ಚಿಸಿದರೆ ಹೊಸ ಮ್ಯಾಂಡೇಟ್ ಬೇಡವಾಗಲಿ ಎಂದು ಇಡುವುದು. ಫಂಡ್‌ನವರು ಕೇಳುವುದು ನೀವು ನೋಂದಾಯಿಸಿದ ಎಸ್‌ಐಪಿಯ ಮೊತ್ತವನ್ನಷ್ಟೇ. ಆದರೆ ಇಲ್ಲಿ ಎರಡು ಪದರಗಳಿವೆ ಎಂಬುದನ್ನು ಮರೆಯಬೇಡಿ. ಎಸ್‌ಐಪಿಯನ್ನು ರದ್ದು ಮಾಡಿದರೂ ಮ್ಯಾಂಡೇಟ್ ಜೀವಂತವಾಗಿ ಉಳಿಯುತ್ತದೆ. ಎಸ್‌ಐಪಿಯನ್ನು ಹಾಗೆಯೇ ಬಿಟ್ಟು ಮ್ಯಾಂಡೇಟ್ ಮಾತ್ರ ರದ್ದು ಮಾಡಿದರೆ ಫಂಡ್‌ನವರು ಮುಂದಿನ ತಿಂಗಳೂ ಹಣ ಕೇಳುತ್ತಾರೆ, ಅದು ವಾಪಸಾಗುತ್ತದೆ. ಹೀಗಾಗಿ ಮೊದಲು ಹೊಸ ಖಾತೆಯ ಮ್ಯಾಂಡೇಟ್ ಮಾಡಿ, ಎಸ್‌ಐಪಿಯನ್ನು ಅದಕ್ಕೆ ಜೋಡಿಸಿ, ಹಳೆಯದನ್ನು ಆಮೇಲೆ ತೆಗೆಯಿರಿ.

ವಾಹನ ಸಾಲದ ಕಂಪನಿಯೊಂದರಲ್ಲಿ ಕೆಲಸ ಮಾಡುವವರು

ಮೊದಲು ಉತ್ತರಿಸಿದವರ ಸಲಹೆಯಂತೆ ಎಲ್ಲವನ್ನೂ ಒಮ್ಮೆಗೇ ರದ್ದು ಮಾಡಿದರೆ ನಿಮ್ಮ 8,450ರ ಕಂತು ಬೌನ್ಸ್ ಆಗುತ್ತದೆ. ಮ್ಯಾಂಡೇಟ್ ನಿಂತರೆ ಹಣ ಹೋಗುವ ದಾರಿ ನಿಲ್ಲುತ್ತದೆಯೇ ಹೊರತು ಸಾಲ ನಿಲ್ಲುವುದಿಲ್ಲ. ಬೌನ್ಸ್ ಶುಲ್ಕವನ್ನು ನಾವೂ ಹಾಕುತ್ತೇವೆ, ನಿಮ್ಮ ಬ್ಯಾಂಕೂ ಹಾಕಬಹುದು, ಸಾಲದ ಇತಿಹಾಸದಲ್ಲಿಯೂ ಗುರುತು ಉಳಿಯುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಇಂಥ ಕಡಿತ ವಾಪಸಾಗುವುದು 2007ರ ಪಾವತಿ ಕಾಯ್ದೆಯ 25ನೇ ಕಲಮಿನ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಅಪರಾಧವಾಗಬಲ್ಲದು.

ನಮ್ಮಲ್ಲಿ ಗ್ರಾಹಕರು ಮಾಡುವ ಕ್ರಮವನ್ನು ಹೇಳುತ್ತೇನೆ. ನಿಮ್ಮ ಕಂತು ತಿಂಗಳ 5ರಂದು ಎಂದುಕೊಳ್ಳಿ. 5ರ ಕಡಿತ ಹಳೆಯ ಖಾತೆಯಿಂದ ಮುಗಿದ ಕೂಡಲೇ ಸಾಲದ ಕಂಪನಿಗೆ ಖಾತೆ ಬದಲಾವಣೆಯ ಕೋರಿಕೆ ಸಲ್ಲಿಸಿ, ಹೊಸ ಖಾತೆಯ ಇ-ಮ್ಯಾಂಡೇಟ್ ನೋಂದಾಯಿಸಿ. ಮುಂದಿನ 5ರಂದು ಹಣ ಎಲ್ಲಿಂದ ಹೋಯಿತು ಎಂದು ನೋಡುವವರೆಗೆ ಹಳೆಯ ಖಾತೆಯಲ್ಲಿಯೂ ಒಂದು ಕಂತಿನಷ್ಟು ಹಣ ಇರಲಿ, ಏಕೆಂದರೆ ಬೇಡಿಕೆಯ ಕಡತವನ್ನು ಕೆಲವು ದಿನ ಮೊದಲೇ ಸಿದ್ಧಪಡಿಸಿರುತ್ತೇವೆ. ಹೊಸ ಖಾತೆಯಿಂದ ಹೋದದ್ದು ಖಚಿತವಾದ ಮೇಲೆ ಹಳೆಯ UMRN ರದ್ದು ಮಾಡಿ. ಆರ್‌ಡಿಯ ಹಣ ಮುಂದೆ ಎಲ್ಲಿಂದ ಬರಬೇಕೆಂದು ಶಾಖೆಯಲ್ಲಿ ತೀರ್ಮಾನಿಸಿ, ಖಾತೆ ಮುಚ್ಚುವ ಅರ್ಜಿಯನ್ನು ಕೊನೆಗೆ ಕೊಡಿ.

ಸಣ್ಣ ಉದ್ಯಮಿಯೊಬ್ಬರು

ಕ್ರಮ ಸರಿಯಿದೆ, ಆದರೆ ಶಾಖೆಯಲ್ಲಿ ಅಷ್ಟು ಸಲೀಸಲ್ಲ. ಸಾಲ ತೀರಿದ ಮೇಲೂ ಹಳೆಯ ಮ್ಯಾಂಡೇಟ್ ರದ್ದು ಮಾಡಲು ನನ್ನ ಬ್ಯಾಂಕಿನವರು ಸಾಲ ಕೊಟ್ಟವರಿಂದ ಒಪ್ಪಿಗೆ ಪತ್ರ ತರಬೇಕೆಂದರು.

ನಿವೃತ್ತ ಬ್ಯಾಂಕ್ ಅಧಿಕಾರಿ

ಖಾತೆದಾರನ ಲಿಖಿತ ಕೋರಿಕೆಯೇ ಸಾಕು. ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಡುವಾಗ ಪಡೆಯುವವನ ಒಪ್ಪಿಗೆ ಕೇಳುವುದಿಲ್ಲವಲ್ಲ. ನಿರಾಕರಿಸಿದರೆ ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ, ದೂರಿನ ಸಂಖ್ಯೆ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು.

ಸಣ್ಣ ಉದ್ಯಮಿ

ಕಾಗದದ ಮೇಲೆ ನಿಮ್ಮ ಮಾತು ಸರಿ ಸರ್. ಆದರೆ ನಾನು ಆ ಪತ್ರವನ್ನೇ ತಂದುಕೊಟ್ಟೆ, ಬೇಗ ಮುಗಿಯಿತು.

ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ

ಸಾಲದ ವಿಷಯದಲ್ಲಿ ನನ್ನ ಸಲಹೆಯನ್ನು ಬಿಟ್ಟುಬಿಡಿ. ಕಾರ್ಡ್ ಬ್ಲಾಕ್ ಮಾಡಿಸುವ ಮಾತಿಗೆ ಮಾತ್ರ ಈಗಲೂ ಬದ್ಧನಾಗಿದ್ದೇನೆ: ಕಾರ್ಡ್ ಬದಲಾದ ಮೇಲೆ ನನ್ನ ಚಂದಾದಾರಿಕೆಗಳೆಲ್ಲ ನಿಂತುಹೋದವು.

ಮ್ಯೂಚುವಲ್ ಫಂಡ್ ವಿತರಕ

ನನ್ನ ಕಾರ್ಡ್ ಬದಲಾದಾಗ ಎರಡು ನಿಂತವು, ಒಂದು ಹೊಸ ಕಾರ್ಡ್‌ನಲ್ಲಿಯೂ ಮುಂದುವರಿಯಿತು. ಬ್ಯಾಂಕಿನವರನ್ನು ಕೇಳಿದರೆ ಅಂಗಡಿಯವರನ್ನು ಕೇಳಿ ಎಂದರು, ಅಂಗಡಿಯವರು ಬ್ಯಾಂಕಿನವರತ್ತ ಕೈ ತೋರಿಸಿದರು. ಕೊನೆಗೆ ಆ ಒಂದನ್ನು ಮ್ಯಾಂಡೇಟ್ ಪುಟದಲ್ಲಿಯೇ ಹುಡುಕಿ ರದ್ದು ಮಾಡಬೇಕಾಯಿತು.