ಅಪ್‌ಡೇಟ್: ಕೂದಲಂಚಿನ ಹಸಿರು ಹೋಯಿತು

ನಾನು ಕೇಳಿದ್ದು: "ಗ್ರೀನ್ ಸ್ಕ್ರೀನ್ ತೆಗೆದ ಮೇಲೂ ಕೂದಲ ಸುತ್ತ ಹಸಿರು ಉಳಿಯುತ್ತಿದೆ. ಕೀ ಬಿಗಿ ಮಾಡಿದರೆ ಕೂದಲೇ ಮಾಯ. ಏನು ಮಾಡಲಿ?"

ಕೊನೆಗೂ ಸರಿಹೋಯಿತು. ಹಸಿರನ್ನು ಓಡಿಸಲು ನಾನು ಮ್ಯಾಟ್ ಅನ್ನೇ ಬಿಗಿ ಮಾಡುತ್ತಿದ್ದೆ. ಮ್ಯಾಟ್ ಹೇಳುವುದು ಎಲ್ಲಿ ಎಷ್ಟು ಪಾರದರ್ಶಕ ಅಂತ ಮಾತ್ರ. ಎಳೆಗೆ ಅಂಟಿದ ಹಸಿರು ಅನ್ನೋದು ಬಣ್ಣದ ಸಮಸ್ಯೆ, ಅದನ್ನು ಬೇರೆಯಾಗಿಯೇ ತೆಗೆಯಬೇಕು.

ಈಗ ಎರಡು ಕೀ ಮಾಡಿದ್ದೇನೆ. ಒಂದು ಮೃದು, ಅದರ ಮ್ಯಾಟ್‌ನಲ್ಲಿ ಕೂದಲ ಎಳೆಗಳು ಬೂದು ಬಣ್ಣದಲ್ಲಿ ಕಾಣಬೇಕು. ಇದರಿಂದ ಭುಜದಲ್ಲಿ ತೂತು ಬಿತ್ತು. ಅದನ್ನು ಮುಚ್ಚಲು ಇನ್ನೊಂದು ಗಟ್ಟಿ ಕೀ ಮಾಡಿ, ಅಂಚಿನಿಂದ ಕೆಲವು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ ಸೇರಿಸಿದೆ.

ಆಮೇಲೆ ಡಿಸ್ಪಿಲ್. ಹಸಿರು ಉಳಿದೆರಡು ಬಣ್ಣಗಳ ಸರಾಸರಿಯನ್ನು ಮೀರಬಾರದು, ಅಷ್ಟೇ:

```
g = min(g, (r + b) / 2)
```

ಹಸಿರು ಹೋಯಿತು, ಆದರೆ ಹಳದಿ ಶರ್ಟ್ ಕಿತ್ತಳೆ ಆಯಿತು! ಹಳದಿಯಲ್ಲಿ ನೀಲಿ ಕಡಿಮೆ, ಹಾಗಾಗಿ ಸರಾಸರಿಯೂ ಕಡಿಮೆ. ಶರ್ಟಿಗೆ ಮಾಸ್ಕ್ ಹಾಕಿ, ಅಲ್ಲಿ ಮಾತ್ರ `min(g, r)` ಬಳಸಿದೆ.

ಇನ್ನೊಂದು ತೊಂದರೆ ಉಳಿದಿತ್ತು. ಬೆಳಗುವ ಆಕಾಶದ ಮುಂದೆ ಕೂದಲ ತುದಿ ಮಸಿ ಬಳಿದ ಹಾಗೆ ಕಾಣುತ್ತಿತ್ತು. ಹಸಿರು ತೆಗೆದಾಗ ಅದರ ಬೆಳಕೂ ಹೋಗುತ್ತದೆ, ಅಲ್ವಾ? ಎಷ್ಟು ಹಸಿರು ಕಳೆದೆವೋ ಆ ಅಳತೆಯಿಂದ, ಮಸುಕು ಮಾಡಿದ ಹೊಸ ಹಿನ್ನೆಲೆಯನ್ನು ಗುಣಿಸಿ ಅಲ್ಲಿಗೆ ಕೂಡಿಸಿದೆ. ಈಗ ತುದಿಗಳಲ್ಲಿ ಆಕಾಶದ ತಿಳಿನೀಲಿಯೇ ಇದೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.